ವಾಯಿದೆ ಮೀರಿ ಬಂದ ಹಣ: ಪಾವತಿ ಲಿಂಕ್ ಮತ್ತು ಕ್ಯೂ.ಆರ್. ಮಾರಾಟದಲ್ಲಿ ಲೆಕ್ಕ ತಾಳೆ ಹಾಕುವ ಕ್ರಮ

ಮಾವಿನ ಹಣ್ಣನ್ನು ಮಂಡಿಗೆ ಹಾಕದೆ, ಪೆಟ್ಟಿಗೆಗಳಲ್ಲಿ ತುಂಬಿ ಪಟ್ಟಣದ ಗಿರಾಕಿಗಳಿಗೆ ನೇರವಾಗಿ ಕಳುಹಿಸುವ ಬೆಳೆಗಾರರ ಗುಂಪುಗಳು ಈಗ ಹಲವು ಕಡೆ ಇವೆ. ಇಂಥ ಮಾರಾಟದಲ್ಲಿ ಮೊದಲು ಆರ್ಡರು ಬರೆದುಕೊಂಡು, ಗಿರಾಕಿಯ ಫೋನಿಗೆ ಪಾವತಿ ಲಿಂಕನ್ನೋ ಕ್ಯೂ.ಆರ್. ಕೋಡನ್ನೋ ಕಳುಹಿಸಿ, ಹಣ ಬಂದವರ ಪಟ್ಟಿಗೆ ತಕ್ಕಷ್ಟು ಹಣ್ಣನ್ನು ಮಾತ್ರ ಕೊಯ್ಯುವುದು ರೂಢಿ. ಕೊಯ್ದ ಹಣ್ಣನ್ನು ಮರಕ್ಕೆ ಮತ್ತೆ ಕಟ್ಟಲಾಗದು. ಆದುದರಿಂದ ಲಿಂಕಿಗೆ ಒಂದು ವಾಯಿದೆ ಇಡಬೇಕಾಗುತ್ತದೆ. ವಾಯಿದೆಯೊಳಗೆ ಹಣ ಕಟ್ಟದವರ ಪೆಟ್ಟಿಗೆಯನ್ನು ಕಾಯುತ್ತಿರುವ ಬೇರೆಯವರಿಗೆ ಕೊಡುವುದು ನ್ಯಾಯವೇ ಸರಿ.

ತೊಡಕು ಬರುವುದು ಅನಂತರ. ವಾಯಿದೆ ಮುಗಿಯಿತೆಂದು ಪೆಟ್ಟಿಗೆಯನ್ನು ಬೇರೆಯವರಿಗೆ ಕೊಟ್ಟ ಮೇಲೆ ಮೊದಲಿನ ಗಿರಾಕಿಯ ಹಣ ಬಂದು ಬೀಳುತ್ತದೆ. ಒಂದು ಪೆಟ್ಟಿಗೆಗೆ ಇಬ್ಬರ ಹಣ ಬಂದಂತಾಯಿತು. ಯಾರಿಗೆ ಕೊಡಬೇಕು? ಯಾರ ಹಣ ಹಿಂದಿರುಗಿಸಬೇಕು? ವಾರದ ಕೊನೆಯಲ್ಲಿ ಪಾಸ್‌ಬುಕ್ಕಿಗೂ ಆರ್ಡರು ಪುಸ್ತಕಕ್ಕೂ ತಾಳೆಯಾಗದಿದ್ದರೆ ಸದಸ್ಯರಿಗೆ ಏನು ಉತ್ತರ ಹೇಳಬೇಕು? ಈ ಲೇಖನದಲ್ಲಿ, ತಡವಾದ ಹಣ ಬರುವ ದಾರಿಗಳನ್ನು ಗುರುತಿಸುವುದು, ಪ್ರತಿಯೊಂದರ ತೀರ್ಮಾನ ಮಾಡುವುದು, ಲೆಕ್ಕ ತಾಳೆ ಹಾಕುವುದು ಹೇಗೆಂಬುದನ್ನು ಒಂದು ವಾರದ ಉದಾಹರಣೆಯೊಂದಿಗೆ ತಿಳಿಸಲಾಗಿದೆ.

ವಾಯಿದೆ ಮುಚ್ಚುವುದು ಬಾಗಿಲನ್ನು, ದಾರಿಯನ್ನಲ್ಲ

ಮೊದಲಿಗೆ ಒಂದು ವಿಷಯವನ್ನು ಸ್ಪಷ್ಟವಾಗಿ ತಿಳಿದುಕೊಳ್ಳಬೇಕು. ಪಾವತಿ ಲಿಂಕ್ ಎಂಬುದು ಹಣವಲ್ಲ, ಹಣ ಹೊರಡುವ ಬಾಗಿಲು ಮಾತ್ರ. ಗಿರಾಕಿ ಲಿಂಕನ್ನು ಒತ್ತಿದಾಗ ನೀವು ಸೇವೆ ಪಡೆದಿರುವ ಪಾವತಿ ಗೇಟ್‌ವೇ ಸಂಸ್ಥೆಯ ಪುಟ ತೆರೆಯುತ್ತದೆ. ಅಲ್ಲಿಂದ ಆತನ ಯು.ಪಿ.ಐ. ಆ್ಯಪಿಗೆ ವಿವರ ಹೋಗುತ್ತದೆ. ಆತ ಪಿನ್ ಹಾಕಿದ ಮೇಲೆ ಆತನ ಬ್ಯಾಂಕು ಹಣ ಕಡಿತ ಮಾಡುತ್ತದೆ. ಆ ಹಣದ ಸುದ್ದಿ ಯು.ಪಿ.ಐ. ವ್ಯವಸ್ಥೆಯ ಮೂಲಕ ಹಾದು, ಹಣ ಪಡೆಯುವ ಕಡೆಯ ಬ್ಯಾಂಕಿಗೆ ಮುಟ್ಟಿ, ಕೊನೆಗೆ ಗೇಟ್‌ವೇಗೆ ತಿಳಿಯುತ್ತದೆ. ಸಾಮಾನ್ಯವಾಗಿ ಇಷ್ಟೆಲ್ಲ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ.

ನೀವು ಇಟ್ಟ ವಾಯಿದೆ ತಿಳಿದಿರುವುದು ಗೇಟ್‌ವೇ ಒಂದಕ್ಕೆ. ವಾಯಿದೆ ಮುಗಿದ ಗಳಿಗೆಯಲ್ಲಿ ಅದು ಹೊಸಬರಿಗೆ ಬಾಗಿಲು ತೆರೆಯುವುದಿಲ್ಲ. ಆದರೆ ಅದಾಗಲೇ ಬಾಗಿಲು ದಾಟಿ ದಾರಿಯಲ್ಲಿರುವ ಹಣವನ್ನು ಅದು ತಡೆಯಲಾರದು. ಗಿರಾಕಿಯ ಬ್ಯಾಂಕಿಗೆ ನಿಮ್ಮ ಕೊಯ್ಲಿನ ವೇಳೆ ಗೊತ್ತಿಲ್ಲ. ಆದ್ದರಿಂದ ಆರ್ಡರಿನ ಗಡಿಯಾರ ಬೇರೆ, ಹಣದ ಗಡಿಯಾರ ಬೇರೆ. ತಡವಾದ ಹಣದ ತೊಡಕೆಲ್ಲ ಈ ಎರಡು ಗಡಿಯಾರಗಳ ವ್ಯತ್ಯಾಸದಿಂದ ಹುಟ್ಟುವಂಥದು.

ತಡವಾದ ಹಣ ಬರುವ ನಾಲ್ಕು ದಾರಿಗಳು

1. ತೆರೆದಿಟ್ಟ ಪುಟದಿಂದ ಬರುವ ಹಣ: ಗಿರಾಕಿ ವಾಯಿದೆಗೆ ಮೊದಲೇ ಲಿಂಕ್ ತೆರೆದು, ಯು.ಪಿ.ಐ. ಆ್ಯಪಿನವರೆಗೆ ಹೋಗಿ, ಮತ್ತೇನೋ ಕೆಲಸಕ್ಕೆ ಎದ್ದು, ವಾಯಿದೆ ಮುಗಿದ ಕೆಲವು ನಿಮಿಷಗಳ ನಂತರ ಪಿನ್ ಹಾಕುತ್ತಾನೆ. ಹಣ ಗೇಟ್‌ವೇಗೆ ಬರುತ್ತದೆ. ಅದರ ಜೊತೆಗೆ ಆರ್ಡರು ಸಂಖ್ಯೆಯೂ ಇರುತ್ತದೆ. ಇದು ನಿಜವಾಗಿಯೂ ತಡವಾದ ಹಣ, ಆದರೆ ಗುರುತಿಸುವುದು ಸುಲಭ.

2. ಕಡಿತವಾದದ್ದು ವೇಳೆಗೆ, ಸುದ್ದಿ ಬಂದದ್ದು ತಡವಾಗಿ: ಗಿರಾಕಿ ವೇಳೆಯೊಳಗೇ ಪಿನ್ ಹಾಕಿದ್ದಾನೆ, ಆತನ ಖಾತೆಯಿಂದ ಹಣವೂ ಹೋಗಿದೆ. ಆದರೆ ಎರಡು ಬ್ಯಾಂಕುಗಳ ನಡುವೆ ಉತ್ತರ ಸಿಗದೆ ವ್ಯವಹಾರ ಆತನ ಫೋನಿನಲ್ಲಿ ‘ಪೆಂಡಿಂಗ್’ ಎಂದು ನಿಂತಿದೆ. ಒಂದೆರಡು ಗಂಟೆ ಬಿಟ್ಟು ಅದು ಯಶಸ್ವಿಯಾಗುತ್ತದೆ. ನಿಮ್ಮ ಕಣ್ಣಿಗೆ ಇದು ತಡವಾದ ಹಣ; ಗಿರಾಕಿಯ ಕಡೆಯಿಂದ ತಡವಾಗಿಲ್ಲ. ಮೊದಲನೆಯದಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ನೋಡದೆ ಹೋಗುವುದರಿಂದಲೇ ಹೆಚ್ಚಿನ ಜಗಳಗಳು ಆಗುತ್ತವೆ.

3. ಹಳೆಯ ಸ್ಥಿರ ಕ್ಯೂ.ಆರ್. ಮೂಲಕ ಬರುವ ಹಣ: ಅಂಗಡಿಯ ಮುಂದೆ ಅಂಟಿಸುವಂಥ ಕ್ಯೂ.ಆರ್. ಒಳಗೆ ನಿಮ್ಮ ಯು.ಪಿ.ಐ. ವಿಳಾಸ ಬರೆದಿರುತ್ತದೆ. ಅದನ್ನು ಅಕ್ಷರಗಳಲ್ಲಿ ಬಿಡಿಸಿದರೆ ಹೀಗೆ ಕಾಣುತ್ತದೆ:

```
upi://pay?pa=gumpu@examplebank&pn=Mavu%20Gumpu&cu=INR
```

`pa` ಎಂದರೆ ಹಣ ಸೇರಬೇಕಾದ ವಿಳಾಸ, `pn` ಹೆಸರು, `cu` ನಾಣ್ಯ. ಇದರಲ್ಲಿ ವಾಯಿದೆಯ ಮಾತೇ ಇಲ್ಲ, ಆರ್ಡರು ಸಂಖ್ಯೆಯೂ ಇಲ್ಲ. ಹೋದ ವರ್ಷ ಇದನ್ನು ಫೋನಿನಲ್ಲಿ ಉಳಿಸಿಕೊಂಡ ಗಿರಾಕಿ ಈ ವರ್ಷವೂ ಹಣ ಹಾಕಬಹುದು. ಲಿಂಕ್ ತೆರೆಯಲಿಲ್ಲವೆಂದು ಬೇಸತ್ತ ಗಿರಾಕಿಗಳು ಸಾಮಾನ್ಯವಾಗಿ ಹಿಡಿಯುವುದು ಈ ದಾರಿಯನ್ನೇ. ಹಣ ಗೇಟ್‌ವೇಯನ್ನು ಮುಟ್ಟದೆ ನೇರವಾಗಿ ಗುಂಪಿನ ಬ್ಯಾಂಕ್ ಖಾತೆಗೆ ಬಂದು ಬೀಳುತ್ತದೆ. ಗೇಟ್‌ವೇ ವರದಿಯಲ್ಲಿ ಇದನ್ನು ಎಷ್ಟು ಹುಡುಕಿದರೂ ಸಿಗದು.

4. ಮುಚ್ಚಿದ ಚಲ ಕ್ಯೂ.ಆರ್. ಮೂಲಕ ಬರುವ ಹಣ: ಗೇಟ್‌ವೇ ಒಂದೊಂದು ಆರ್ಡರಿಗೆ ಬೇರೆ ಬೇರೆಯಾಗಿ ತಯಾರಿಸುವ ಕ್ಯೂ.ಆರ್.ಗೆ ಮೊತ್ತ, ಆರ್ಡರು ಸಂಖ್ಯೆ, ಮುಚ್ಚುವ ವೇಳೆ ಎಲ್ಲವೂ ಕಟ್ಟಿರುತ್ತವೆ. ಗಿರಾಕಿ ಅದರ ಚಿತ್ರವನ್ನು ಉಳಿಸಿಕೊಂಡು ಎರಡು ದಿನದ ನಂತರ ಬಳಸಿದರೆ, ಪಾವತಿ ಅಲ್ಲೇ ತಿರಸ್ಕಾರವಾಗಬಹುದು ಅಥವಾ ಹಣ ಒಳಗೆ ಬಂದು ತಾನಾಗಿ ಹಿಂದಿರುಗಬಹುದು. ಇದು ಗೇಟ್‌ವೇಯಿಂದ ಗೇಟ್‌ವೇಗೆ ಬೇರೆ. ನಿಮ್ಮ ಗೇಟ್‌ವೇ ಏನು ಮಾಡುತ್ತದೆಂಬುದನ್ನು ಮಾರಾಟದ ಕಾಲ ಆರಂಭವಾಗುವ ಮೊದಲೇ ಬರವಣಿಗೆಯಲ್ಲಿ ಕೇಳಿ ತಿಳಿದಿರಬೇಕು. ಸಾಧ್ಯವಾದರೆ ಒಂದು ರೂಪಾಯಿಯ ಕ್ಯೂ.ಆರ್. ಮಾಡಿ, ಅದನ್ನು ಮುಚ್ಚಿ, ನಿಮ್ಮದೇ ಫೋನಿನಿಂದ ಹಣ ಹಾಕಿ ನೋಡುವುದು ಇನ್ನೂ ಉತ್ತಮ.

ಗುರುತು ಹಿಡಿಯುವ ಸಂಖ್ಯೆ

ಪ್ರತಿ ಯು.ಪಿ.ಐ. ಪಾವತಿಗೂ 12 ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ಗಿರಾಕಿಯ ಆ್ಯಪಿನಲ್ಲಿ ಇದು `UTR` ಅಥವಾ `UPI transaction ID` ಎಂಬ ಹೆಸರಿನಲ್ಲಿ ಕಾಣುತ್ತದೆ. ಅದೇ ಸಂಖ್ಯೆ ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟಿನ ವಿವರದ ಸಾಲಿನಲ್ಲಿಯೂ ಇರುತ್ತದೆ. ಗೇಟ್‌ವೇ ಮೂಲಕ ಬಂದ ಹಣವಾದರೆ ಗೇಟ್‌ವೇ ವರದಿಯಲ್ಲಿರುತ್ತದೆ. ಎತ್ತಿನ ಸಂತೆಯಲ್ಲಿ ರಸೀದಿ ಸಂಖ್ಯೆ ಇದ್ದಂತೆ ಇದು.

ತಾಳೆ ಹಾಕುವಾಗ ಮೊದಲು ಆರ್ಡರು ಸಂಖ್ಯೆ, ಅದು ಇಲ್ಲದಿದ್ದರೆ ಈ 12 ಅಂಕಿಯ ಸಂಖ್ಯೆ, ಇವೆರಡೂ ಹೊಂದಿದ ಮೇಲೆ ಮಾತ್ರ ಮೊತ್ತ ನೋಡಬೇಕು. ಹಲವರು ಇದಕ್ಕೆ ವಿರುದ್ಧವಾಗಿ ಮೊತ್ತದಿಂದ ಆರಂಭಿಸುತ್ತಾರೆ. ಎಲ್ಲ ಪೆಟ್ಟಿಗೆಗಳಿಗೂ ಒಂದೇ ಬೆಲೆ ಇರುವಾಗ ಮೊತ್ತ ಯಾರನ್ನೂ ಗುರುತಿಸುವುದಿಲ್ಲ. ಹೆಸರನ್ನೂ ನೆಚ್ಚಬಾರದು. ಆರ್ಡರು ಕೊಟ್ಟವರು ತಂದೆ, ಹಣ ಹಾಕಿದ್ದು ಮಗಳ ಫೋನಿನಿಂದ ಎಂಬಂಥ ಸಂದರ್ಭಗಳು ಬೇಕಾದಷ್ಟಿವೆ.

ಗಿರಾಕಿ ಕಳುಹಿಸುವ ಫೋನಿನ ಪರದೆಯ ಚಿತ್ರ ಹಣ ಬಂದುದಕ್ಕೆ ಆಧಾರವಲ್ಲ. ಅದರಿಂದ ತೆಗೆದುಕೊಳ್ಳಬೇಕಾದದ್ದು ಆ 12 ಅಂಕಿಗಳನ್ನು ಮಾತ್ರ. ಹಣ ಬಂದಿದೆಯೇ ಇಲ್ಲವೇ ಎಂಬುದನ್ನು ನಿಮ್ಮ ಖಾತೆಯಲ್ಲಿ ಅಥವಾ ಗೇಟ್‌ವೇ ವರದಿಯಲ್ಲಿ ನೋಡಿಯೇ ನಿರ್ಧರಿಸಬೇಕು.

ಒಂದು ವಾರದ ಉದಾಹರಣೆ

ಬಾದಾಮಿ ಮಾವು ಬೆಳೆಯುವ ಒಂದು ಗುಂಪನ್ನು ತೆಗೆದುಕೊಳ್ಳೋಣ. 3 ಕಿಲೋ ಪೆಟ್ಟಿಗೆಗೆ ಸಾಗಣೆ ಸೇರಿ 500 ರೂ. ಎಂದಿಟ್ಟುಕೊಳ್ಳಿ. ಬುಧವಾರ ಬೆಳಗಿನ ಕೊಯ್ಲಿಗೆ 40 ಪೆಟ್ಟಿಗೆಯಷ್ಟು ಹಣ್ಣು ಬಲಿತಿದೆ. ಸೋಮವಾರ ಸಂಜೆ 40 ಜನರಿಗೆ ಲಿಂಕ್ ಕಳುಹಿಸಲಾಗಿದೆ. ಮಂಗಳವಾರ ಸಂಜೆ 6 ಗಂಟೆ ವಾಯಿದೆ.

ಆರು ಗಂಟೆಗೆ 33 ಜನರ ಹಣ ಬಂದಿತ್ತು. 7 ಪೆಟ್ಟಿಗೆ ಉಳಿದವು. ಕಾಯುವ ಪಟ್ಟಿಯಲ್ಲಿದ್ದ 7 ಜನರಿಗೆ ರಾತ್ರಿ 8 ಗಂಟೆ ವಾಯಿದೆಯ ಹೊಸ ಲಿಂಕ್ ಹೋಯಿತು. ಅವರಲ್ಲಿ 5 ಜನ ಹಣ ಕಟ್ಟಿದರು. 2 ಪೆಟ್ಟಿಗೆ ಉಳಿದವು. ಕೊಯ್ಲಿನ ಪಟ್ಟಿಯನ್ನು ಎಂಟೂವರೆಗೆ ಮುಗಿಸಬೇಕೆಂದು ಗುಂಪಿನ ನಿಯಮ.

ಮೊದಲು ಹಣ ಕಟ್ಟದೆ ಹೋದ 7 ಜನರಲ್ಲಿ ಮೂವರು ಮತ್ತೆ ಸುದ್ದಿ ಎತ್ತಲಿಲ್ಲ. ಉಳಿದ ನಾಲ್ವರ ಹಣ ತಡವಾಗಿ ಬಂತು.

ಆರ್ಡರು 12: ಮಂಗಳವಾರ 6 ಗಂಟೆ 7 ನಿಮಿಷಕ್ಕೆ ಗೇಟ್‌ವೇಗೆ ಬಂತು. ಗಿರಾಕಿ ಪುಟ ತೆರೆದದ್ದು 5.50ಕ್ಕೆ, ಪಿನ್ ಹಾಕಿದ್ದು ಆರು ದಾಟಿದ ಮೇಲೆ.

ಆರ್ಡರು 19: ಗೇಟ್‌ವೇಗೆ ಬಂದದ್ದು 7.40ಕ್ಕೆ. ಆದರೆ ಗಿರಾಕಿಯ ಖಾತೆಯಿಂದ ಕಡಿತವಾದದ್ದು 5.58ಕ್ಕೆ.

ಆರ್ಡರು 27: ಬುಧವಾರ ಬೆಳಿಗ್ಗೆ 9.15ಕ್ಕೆ, ಹಳೆಯ ಸ್ಥಿರ ಕ್ಯೂ.ಆರ್. ಮೂಲಕ ನೇರವಾಗಿ ಬ್ಯಾಂಕ್ ಖಾತೆಗೆ ಬಂತು. ಆರ್ಡರು ಸಂಖ್ಯೆ ಇರಲಿಲ್ಲ.

ಆರ್ಡರು 31: ಗುರುವಾರ ಬೆಳಿಗ್ಗೆ, ಫೋನಿನಲ್ಲಿ ಉಳಿಸಿಕೊಂಡಿದ್ದ ಚಲ ಕ್ಯೂ.ಆರ್. ಚಿತ್ರದಿಂದ ಬಂತು. ಕೋಡು ಮುಚ್ಚಿದ್ದರಿಂದ ಗೇಟ್‌ವೇ ಅದೇ ದಿನ ಹಣವನ್ನು ತಾನಾಗಿ ಹಿಂದಿರುಗಿಸಿತು.

ಪ್ರತಿಯೊಂದಕ್ಕೂ ತೀರ್ಮಾನ

ಮಂಗಳವಾರ ಎಂಟೂವರೆಗೆ ಪಟ್ಟಿ ಮುಗಿಸುವಾಗ ಲೆಕ್ಕ ಬರೆಯುವವರ ಮುಂದೆ 2 ಪೆಟ್ಟಿಗೆ, ಮತ್ತು 12 ಹಾಗೂ 19ನೆಯ ಆರ್ಡರುಗಳ ತಡವಾದ ಹಣ ಇದ್ದವು. ಗೇಟ್‌ವೇಗೆ ಬಂದ ವೇಳೆಯನ್ನೇ ನೋಡಿದರೆ 12ನೆಯವರು ಮುಂದಿದ್ದಾರೆ. ಆದರೆ ಹಕ್ಕು ಮೊದಲು 19ನೆಯವರದು. ಅವರು ವಾಯಿದೆಯೊಳಗೆ ಹಣ ಕೊಟ್ಟಿದ್ದಾರೆ. ತಡ ಮಾಡಿದ್ದು ಬ್ಯಾಂಕುಗಳ ನಡುವಿನ ದಾರಿ. ಗಿರಾಕಿಯ ಆ್ಯಪಿನಲ್ಲಿ ಕಾಣುವ ಕಡಿತದ ವೇಳೆಯನ್ನೂ 12 ಅಂಕಿಯ ಸಂಖ್ಯೆಯನ್ನೂ ಕೇಳಿ ತರಿಸಿಕೊಂಡು, ಅದನ್ನು ಗೇಟ್‌ವೇ ವರದಿಯ ಸಂಖ್ಯೆಗೆ ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ. ಒಂದು ಪೆಟ್ಟಿಗೆ 19ಕ್ಕೆ ಹೋಯಿತು.

12ನೆಯವರದು ನಿಜವಾದ ತಡ. ಅವರಿಗೆ ಪೆಟ್ಟಿಗೆಯ ಹಕ್ಕಿಲ್ಲ. ಎಂಟು ಗಂಟೆಯವರೆಗೆ ಆ ಪೆಟ್ಟಿಗೆಗಳನ್ನು ಕಾಯುವ ಪಟ್ಟಿಯವರಿಗೆ ಮಾತು ಕೊಟ್ಟಾಗಿತ್ತು. ಆ ಮಾತನ್ನು ಮುರಿದು ಇವರಿಗೆ ಕೊಡುವಂತಿರಲಿಲ್ಲ. ಎಂಟರ ನಂತರವೂ ಒಂದು ಪೆಟ್ಟಿಗೆ ಉಳಿದಿದ್ದರಿಂದ ಅದನ್ನು ಇವರಿಗೆ ಕೊಡಲಾಯಿತು. ಉಳಿಯದಿದ್ದರೆ ಹಣ ಹಿಂದಿರುಗಿಸಬೇಕಾಗಿತ್ತು.

ಇಲ್ಲಿ ಎರಡು ಸೂಕ್ಷ್ಮಗಳನ್ನು ಗಮನಿಸಿ. ಮೊದಲನೆಯದು, ಎಂಟು ಗಂಟೆಯ ಲಿಂಕಿಗೂ ಇದೇ ತಡ ತಗಲಬಹುದು. ಅದಕ್ಕಾಗಿಯೇ ವಾಯಿದೆಗೂ ಪಟ್ಟಿಗೂ ನಡುವೆ ಅರ್ಧ ಗಂಟೆ ಬಿಡುವು. ಎಂಟೂವರೆಗೆ ಗೇಟ್‌ವೇ ವರದಿಯನ್ನು ಮತ್ತೊಮ್ಮೆ ತೆರೆದು, ಆಮೇಲೆ ತೀರ್ಮಾನಿಸಬೇಕು. ಎರಡನೆಯದು, 19ರಂಥ ಹಣ ಎಂಟೂವರೆಯ ನಂತರವೂ ಬರಬಹುದು. ಆಗಲೂ ಗಿರಾಕಿಯ ಹಕ್ಕು ಹೋಗುವುದಿಲ್ಲ. ಆದುದರಿಂದ 40 ಪೆಟ್ಟಿಗೆಯ ಕೊಯ್ಲಿನಲ್ಲಿ ಇನ್ನೊಂದೆರಡು ಪೆಟ್ಟಿಗೆಯ ಹಣ್ಣನ್ನು ಬಲಿತ ಮರಗಳಲ್ಲಿ ಗುರುತಿಸಿ ಬಿಟ್ಟಿರುವುದು ಲೇಸು. ಬೇಕಾದರೆ ಬೆಳಿಗ್ಗೆ ಕೊಯ್ಯಬಹುದು, ಬೇಡವಾದರೆ ಮುಂದಿನ ಕೊಯ್ಲಿಗೆ ಆಗುತ್ತದೆ.

27ನೆಯವರ ಹಣ ಬಂದಾಗ ಹಣ್ಣು ಪೆಟ್ಟಿಗೆಗೆ ಹೋಗಿಯಾಗಿತ್ತು. ಸ್ಟೇಟ್‌ಮೆಂಟಿನಲ್ಲಿ ಯಾರೋ 500 ರೂ. ಹಾಕಿದ್ದಾರೆಂದಷ್ಟೇ ಕಾಣುತ್ತಿತ್ತು. ಇಂಥ ಹಣವನ್ನು ಕೂಡಲೇ ಮಾರಾಟವೆಂದು ಬರೆಯಬಾರದು. ಅದನ್ನು ಮೊದಲು ಅನಾಮತ್ತು ಖಾತೆಯಲ್ಲಿ, ದಿನಾಂಕ, ವೇಳೆ ಮತ್ತು 12 ಅಂಕಿಯ ಸಂಖ್ಯೆಯೊಂದಿಗೆ ಬರೆದಿಡಬೇಕು. ನಂತರ, ಹಣ ಕಟ್ಟದೆ ಉಳಿದ ಆರ್ಡರುಗಳವರಿಗೆ ಫೋನು ಮಾಡಿ ವಿಚಾರಿಸಬೇಕು. ವಿಚಾರಿಸುವಾಗ ಸಂಖ್ಯೆಯನ್ನು ನೀವು ಹೇಳಬಾರದು, ಅವರಿಂದ ಹೇಳಿಸಬೇಕು. 27ನೆಯವರು ಹೇಳಿದ ಸಂಖ್ಯೆ ಹೊಂದಿತು. ಈ ವಾರ ಹಣ್ಣಿಲ್ಲವೆಂದು ತಿಳಿಸಿ, ಹಣ ವಾಪಸು ಬೇಕೋ ಮುಂದಿನ ಕೊಯ್ಲಿನ ಪೆಟ್ಟಿಗೆ ಬೇಕೋ ಎಂದು ಕೇಳಲಾಯಿತು. ಅವರು ಮುಂದಿನ ವಾರಕ್ಕೆ ಒಪ್ಪಿದರು. 500 ರೂ.ಗಳನ್ನು ಅನಾಮತ್ತಿನಿಂದ ತೆಗೆದು ಗಿರಾಕಿಗಳ ಮುಂಗಡ ಎಂಬ ತಲೆಬರಹದಲ್ಲಿ ಬರೆಯಲಾಯಿತು. ಮುಂದಿನ ವಾರ ಇವರಿಗೆ ಹೊಸ ಲಿಂಕ್ ಹೋಗದಂತೆ ಆರ್ಡರು ಪುಸ್ತಕದಲ್ಲಿ ಕೆಂಪು ಗುರುತು ಹಾಕಬೇಕು. ಇಲ್ಲವಾದರೆ ಅವರು ಎರಡು ಸಲ ಹಣ ಕಟ್ಟಿ, ಮತ್ತೊಂದು ತೊಡಕು ಹುಟ್ಟುತ್ತದೆ.

31ನೆಯವರು ಹಣ ಕಟ್ಟಿದ್ದೇನೆ ಎಂದು ಫೋನಿನ ಚಿತ್ರ ಕಳುಹಿಸಿದರು. ಚಿತ್ರ ಸುಳ್ಳಲ್ಲ. ಹಣ ಬಂದದ್ದೂ ನಿಜ, ಹೋದದ್ದೂ ನಿಜ. ಇಲ್ಲಿ ಗುಂಪಿನವರು ಕನಿಕರಪಟ್ಟು ತಮ್ಮ ಖಾತೆಯಿಂದ 500 ರೂ. ಕಳುಹಿಸಿದ್ದರೆ ಒಬ್ಬರಿಗೆ ಎರಡು ಸಲ ವಾಪಸು ಕೊಟ್ಟಂತಾಗುತ್ತಿತ್ತು. ಮೊದಲು ಗೇಟ್‌ವೇ ವರದಿಯಲ್ಲಿ ಆ ಪಾವತಿಯ ಮುಂದೆ ವಾಪಸಾತಿಯ ಸಾಲು ಇದೆಯೇ ನೋಡಬೇಕು. ಇದ್ದರೆ ವಾಪಸಾತಿಗೆ ಇರುವ ಪ್ರತ್ಯೇಕ ಸಂಖ್ಯೆಯನ್ನು ಗಿರಾಕಿಗೆ ಕೊಟ್ಟು, ಅವರ ಬ್ಯಾಂಕಿನಲ್ಲಿ ಅದರಿಂದ ಹುಡುಕಿಸಿಕೊಳ್ಳಲು ತಿಳಿಸಬೇಕು. ವಾಪಸು ಹಣ ಗಿರಾಕಿಯ ಖಾತೆಯಲ್ಲಿ ಕಾಣಲು ಕೆಲವು ದಿನ ಹಿಡಿಯಬಹುದು.

ವಾರದ ತಾಳೆ

ತಾಳೆಗೆ ಮೂರು ಪುಸ್ತಕಗಳು ಬೇಕು: ನಿಮ್ಮ ಆರ್ಡರು ಪುಸ್ತಕ, ಗೇಟ್‌ವೇ ವರದಿ, ಬ್ಯಾಂಕ್ ಸ್ಟೇಟ್‌ಮೆಂಟು. ಎರಡನ್ನೇ ಹಿಡಿದು ತಾಳೆ ಹಾಕಲು ಹೋದರೆ ತಪ್ಪುತ್ತದೆ. ಏಕೆಂದರೆ ಗೇಟ್‌ವೇ ಹಣವನ್ನು ಒಬ್ಬೊಬ್ಬರದಾಗಿ ನಿಮ್ಮ ಖಾತೆಗೆ ಹಾಕುವುದಿಲ್ಲ. ಸಾಮಾನ್ಯವಾಗಿ ಎರಡು ಕೆಲಸದ ದಿನಗಳ ನಂತರ ಹಲವರ ಹಣವನ್ನು ಒಟ್ಟುಗೂಡಿಸಿ, ತನ್ನ ಶುಲ್ಕ ಕಳೆದು, ಒಂದೇ ಮೊತ್ತವಾಗಿ ಹಾಕುತ್ತದೆ. ವಾಪಸು ಕೊಟ್ಟ ಹಣವನ್ನೂ ಇಂಥ ಮೊತ್ತದಲ್ಲಿಯೇ ಹಿಡಿದುಕೊಳ್ಳುತ್ತದೆ. ಯಾವ ಮೊತ್ತದಲ್ಲಿ ಯಾರ ಯಾರ ಹಣವಿದೆ ಎಂಬುದು ಗೇಟ್‌ವೇಯ ಇತ್ಯರ್ಥ ವರದಿಯಲ್ಲಿ ಮಾತ್ರ ತಿಳಿಯುತ್ತದೆ.

ನಮ್ಮ ಉದಾಹರಣೆಯಲ್ಲಿ ಪ್ರತಿ ಪಾವತಿಗೆ ಶುಲ್ಕ ಎಲ್ಲ ಸೇರಿ 10 ರೂ. ಎಂದೂ, 31ನೆಯವರ ಪಾವತಿಗೆ ಶುಲ್ಕ ಹಿಡಿಯಲಿಲ್ಲವೆಂದೂ ಇಟ್ಟುಕೊಳ್ಳೋಣ. ಮಂಗಳವಾರ ಆರರೊಳಗೆ ಬಂದ ಹಣ ಗುರುವಾರವೂ, ಆರರ ನಂತರ ಬಂದದ್ದು ಶುಕ್ರವಾರವೂ ಖಾತೆಗೆ ಸೇರಿತು. 19ನೆಯವರದು ವೇಳೆಗೆ ಕಡಿತವಾಗಿದ್ದರೂ ಗೇಟ್‌ವೇಗೆ ತಡವಾಗಿ ತಿಳಿದದ್ದರಿಂದ ಶುಕ್ರವಾರದ ಮೊತ್ತದಲ್ಲಿಯೇ ಬಂತು.

| ಬ್ಯಾಂಕಿಗೆ ಬಂದ ದಿನ | ಯಾವ ಪಾವತಿಗಳು | ಒಟ್ಟು ರೂ. | ಶುಲ್ಕ ರೂ. | ಜಮೆ ರೂ. |
|---|---|---|---|---|
| ಬುಧವಾರ | 27ನೆಯ ಆರ್ಡರು, ನೇರ ಜಮೆ | 500 | 0 | 500 |
| ಗುರುವಾರ | ವೇಳೆಯೊಳಗಿನ 33 | 16,500 | 330 | 16,170 |
| ಶುಕ್ರವಾರ | ಕಾಯುವ ಪಟ್ಟಿಯ 5, ಮತ್ತು 12, 19 | 3,500 | 70 | 3,430 |
| | ಮೊತ್ತ | 20,500 | 400 | 20,100 |

ಕಳುಹಿಸಿದ ಪೆಟ್ಟಿಗೆ 40, ಮಾರಾಟ 20,000 ರೂ. ಬ್ಯಾಂಕಿಗೆ ಬಂದದ್ದು 20,100 ರೂ. ನೂರು ರೂಪಾಯಿ ಹೆಚ್ಚು ಬಂದಿದೆ, ಯಾರೋ ಸಾಗಣೆಗೆಂದು ಹೆಚ್ಚು ಹಾಕಿರಬೇಕು ಎಂದು ಬಿಟ್ಟುಬಿಡುವ ಅಪಾಯ ಇಲ್ಲಿದೆ. ಸರಿಯಾದ ಲೆಕ್ಕ ಹೀಗೆ: ಮಾರಾಟ 20,000, ಅದರಲ್ಲಿ ಗೇಟ್‌ವೇ ಶುಲ್ಕ 400 ಕಳೆದರೆ 19,600, ಅದಕ್ಕೆ 27ನೆಯವರ ಮುಂಗಡ 500 ಕೂಡಿದರೆ 20,100. ಆ 500 ರೂ. ಈ ವಾರದ ಆದಾಯವಲ್ಲ. ಗುಂಪು ಇನ್ನೂ ತೀರಿಸಬೇಕಾದ ಋಣ. ಅದನ್ನು ಸದಸ್ಯರಿಗೆ ಹಂಚಿಬಿಟ್ಟರೆ ಮುಂದಿನ ವಾರ ಒಂದು ಪೆಟ್ಟಿಗೆ ಹಣ್ಣನ್ನು ಯಾರ ಲೆಕ್ಕದಲ್ಲಿ ಕೊಡಬೇಕೆಂಬ ಪ್ರಶ್ನೆ ಏಳುತ್ತದೆ.

31ನೆಯವರ ಹಣ ಮೇಲಿನ ಕೋಷ್ಟಕದಲ್ಲಿ ಇಲ್ಲ. ಅದು ಗೇಟ್‌ವೇ ವರದಿಯಲ್ಲಿ 500 ಬಂದದ್ದು, 500 ಹೋದದ್ದು ಎಂದು ಎರಡು ಸಾಲುಗಳಾಗಿರುತ್ತದೆ. ಬ್ಯಾಂಕಿನಲ್ಲಿ ಏನೂ ಕಾಣುವುದಿಲ್ಲ. ಆದರೂ ಆರ್ಡರು ಪುಸ್ತಕದಲ್ಲಿ 31ರ ಮುಂದೆ ‘ವಾಯಿದೆ ಮೀರಿ ಬಂದು ವಾಪಸಾಯಿತು’ ಎಂದು ದಿನಾಂಕ ಸಹಿತ ಬರೆಯಬೇಕು. ತಿಂಗಳ ನಂತರ ಗಿರಾಕಿ ಕೇಳಿದರೆ ಉತ್ತರ ಸಿಗುವುದು ಆ ಸಾಲಿನಲ್ಲಿಯೇ.

ಹಣ ವಾಪಸು ಮಾಡುವಾಗ

ಬಂದ ದಾರಿಯಲ್ಲಿಯೇ ಹಿಂದಕ್ಕೆ ಹೋಗಬೇಕು ಎಂಬುದು ಒಂದೇ ನಿಯಮ. ಗೇಟ್‌ವೇ ಮೂಲಕ ಬಂದ ಹಣವನ್ನು ಗೇಟ್‌ವೇಯಲ್ಲಿ ಅದೇ ಪಾವತಿಯನ್ನು ತೆರೆದು ವಾಪಸು ಮಾಡಬೇಕು. ಆಗ ಬಂದದ್ದೂ ಹೋದದ್ದೂ ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ. ಹೀಗೆ ವಾಪಸು ಮಾಡಿದಾಗ ಮೊದಲು ಹಿಡಿದ ಶುಲ್ಕ ಸಾಮಾನ್ಯವಾಗಿ ಹಿಂದಿರುಗುವುದಿಲ್ಲ. ಆ ನಷ್ಟವನ್ನು ಗುಂಪು ಹೊರಬೇಕೋ ಹೇಗೆಂಬುದನ್ನು ಮೊದಲೇ ನಿಶ್ಚಯಿಸಿರಬೇಕು. ನೇರವಾಗಿ ಬ್ಯಾಂಕಿಗೆ ಬಂದ ಹಣವನ್ನು ಅದು ಬಂದ ಯು.ಪಿ.ಐ. ವಿಳಾಸಕ್ಕೇ ಕಳುಹಿಸಿ, ಹಳೆಯ 12 ಅಂಕಿಯ ಸಂಖ್ಯೆಯನ್ನು ಟಿಪ್ಪಣಿಯಲ್ಲಿ ಬರೆಯಬೇಕು.

ವಾಯಿದೆ ಮೀರಿ ಹಣ ಹಾಕಿದ್ದೇನೆ, ಇನ್ನೊಂದು ನಂಬರಿಗೆ ವಾಪಸು ಕಳುಹಿಸಿ ಎಂದು ಯಾರಾದರೂ ಅವಸರ ಮಾಡಿದರೆ ಎಚ್ಚರ ವಹಿಸಿ. ಬಾರದ ಹಣಕ್ಕೆ ವಾಪಸು ಕೇಳುವ ಮೋಸ ಈ ರೂಪದಲ್ಲಿಯೇ ನಡೆಯುತ್ತದೆ. ಬಂದಿದೆ ಎಂಬ ಸಂದೇಶ ನಿಮ್ಮ ಫೋನಿನಲ್ಲಿದ್ದರೂ, ಖಾತೆ ತೆರೆದು ನೋಡದೆ ಒಂದು ರೂಪಾಯಿಯನ್ನೂ ಕಳುಹಿಸಬಾರದು.

ಕಡಿತವಾದ ಹಣ ಬಾರದೇ ಹೋದರೆ

ಗಿರಾಕಿಯ ಖಾತೆಯಿಂದ ಹಣ ಹೋಗಿದೆ, ನಿಮಗೆ ಬಂದಿಲ್ಲ, ಗೇಟ್‌ವೇ ವರದಿಯಲ್ಲಿಯೂ ಇಲ್ಲ. ಇಂಥ ಹಣವನ್ನು ನೀವು ವಾಪಸು ಮಾಡಬೇಕಾಗಿಲ್ಲ, ಮಾಡಲೂಬಾರದು. ಭಾರತೀಯ ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಯು.ಪಿ.ಐ. ಮೂಲಕ ವ್ಯಾಪಾರಿಗೆ ಮಾಡಿದ ಪಾವತಿ ಕಡಿತವಾಗಿ, ವ್ಯಾಪಾರಿಯ ಕಡೆಗೆ ದೃಢೀಕರಣ ಬಾರದಿದ್ದರೆ, ವ್ಯವಹಾರದ ದಿನ ಬಿಟ್ಟು 5 ದಿನಗಳೊಳಗೆ ಹಣ ತಾನಾಗಿ ಗಿರಾಕಿಯ ಖಾತೆಗೆ ಮರಳಬೇಕು. ಅದಕ್ಕಿಂತ ತಡವಾದರೆ ದಿನಕ್ಕೆ 100 ರೂ.ನಂತೆ ಪರಿಹಾರ ಸಲ್ಲಬೇಕು. ಗಿರಾಕಿ ಮೊದಲು ತನ್ನ ಆ್ಯಪಿನಲ್ಲಿ ಅಥವಾ ಬ್ಯಾಂಕಿನಲ್ಲಿ ದೂರು ದಾಖಲಿಸಬೇಕು. 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು.

ಆ 5 ದಿನಗಳಲ್ಲಿ ಗಿರಾಕಿ ಗಾಬರಿಯಿಂದ ಮತ್ತೊಮ್ಮೆ ಹಣ ಕಟ್ಟುವ ಸಂಭವವುಂಟು. ಹಾಗೆ ಕಟ್ಟಿದ ಮೇಲೆ ಮೊದಲನೆಯ ಹಣವೂ ನಿಮಗೆ ಬಂದು ಸೇರಿದರೆ, ಒಂದು ಆರ್ಡರಿಗೆ ಎರಡು ಪಾವತಿ ಆಗುತ್ತದೆ. ಆದ್ದರಿಂದ ‘ಪೆಂಡಿಂಗ್’ ಎಂದು ತಿಳಿಸಿದ ಗಿರಾಕಿಗೆ, ಮತ್ತೆ ಕಟ್ಟಬೇಡಿ, ನಿಮ್ಮ ಪೆಟ್ಟಿಗೆ ತೆಗೆದಿಟ್ಟಿದೆ ಎಂದು ಹೇಳುವುದು ಇಬ್ಬರಿಗೂ ಕ್ಷೇಮ.

ಮೊದಲೇ ವಹಿಸಬೇಕಾದ ಕ್ರಮ

ವಾಯಿದೆಯನ್ನು ಕೊಯ್ಲಿನ ಪಟ್ಟಿ ಮುಗಿಸುವ ವೇಳೆಗೆ ಅಂಟಿಸಿ ಇಡಬಾರದು. ಎರಡರ ನಡುವೆ ಸಾಧ್ಯವಿದ್ದಷ್ಟು ಬಿಡುವು ಇರಬೇಕು. ನಮ್ಮ ಉದಾಹರಣೆಯ ಗುಂಪು ಮೊದಲ ವಾಯಿದೆಯನ್ನು ಸಂಜೆ 6ರ ಬದಲು ಮಧ್ಯಾಹ್ನ 3ಕ್ಕೆ ಇಟ್ಟಿದ್ದರೆ, ಅಂಥದೇ ತಡದ ಹಣ ಸಂಜೆ ಐದರೊಳಗೇ ಬಂದು, ಕಾಯುವ ಪಟ್ಟಿಗೆ ಲಿಂಕ್ ಕಳುಹಿಸುವ ಮೊದಲೇ ಲೆಕ್ಕಕ್ಕೆ ಸಿಗುತ್ತಿತ್ತು.

ಲಿಂಕ್ ಕಳುಹಿಸುವ ಸಂದೇಶದಲ್ಲಿಯೇ ಮೂರು ಸಾಲು ಬರೆಯಿರಿ: ‘ಮಂಗಳವಾರ 3 ಗಂಟೆಯವರೆಗೆ ಮಾತ್ರ. ಆಮೇಲೆ ಕಟ್ಟಿದ ಹಣಕ್ಕೆ ಈ ವಾರದ ಪೆಟ್ಟಿಗೆಯ ಖಾತರಿ ಇಲ್ಲ; ಮುಂದಿನ ಕೊಯ್ಲಿಗೆ ಇಟ್ಟುಕೊಳ್ಳುತ್ತೇವೆ ಅಥವಾ ವಾಪಸು ಮಾಡುತ್ತೇವೆ. ಹಳೆಯ ಕ್ಯೂ.ಆರ್.ಗೆ ಹಾಕಬೇಡಿ.’ ತೀರ್ಮಾನ ಗಿರಾಕಿಗೆ ಮೊದಲೇ ಗೊತ್ತಿದ್ದರೆ ಅದು ನಿಯಮ. ಹಣ ಬಂದ ಮೇಲೆ ಹೇಳಿದರೆ ಅದು ವಾದ.

ಸ್ಥಿರ ಕ್ಯೂ.ಆರ್. ಅನ್ನು ತೋಟದ ಬಾಗಿಲಲ್ಲಿ ಕೈಗೆ ಕೈ ಕೊಳ್ಳುವವರಿಗೆ ಮಾತ್ರ ಇಡಿ. ಸಾಧ್ಯವಾದರೆ ಅದನ್ನು ಬೇರೊಂದು ಬ್ಯಾಂಕ್ ಖಾತೆಗೆ ಸೇರಿಸಿ. ಆಗ ಪೆಟ್ಟಿಗೆ ಮಾರಾಟದ ಖಾತೆಗೆ ಗೇಟ್‌ವೇ ಮೊತ್ತಗಳು ಮಾತ್ರ ಬರುತ್ತವೆ. ದಾರಿ ತಪ್ಪಿ ಬಂದ ತಡದ ಹಣ ಇನ್ನೊಂದು ಖಾತೆಯಲ್ಲಿ ತಾನಾಗಿ ಎದ್ದು ಕಾಣುತ್ತದೆ.

ಅನಾಮತ್ತು ಖಾತೆಯನ್ನು ಪ್ರತಿ ಶನಿವಾರ ತೆರೆದು ನೋಡಿ. ಅದರಲ್ಲಿ ಎರಡು ವಾರ ಹಳೆಯದಾದ ಸಾಲು ಉಳಿದಿದ್ದರೆ, ಎಲ್ಲೋ ಒಬ್ಬ ಗಿರಾಕಿ ಹಣ ಕೊಟ್ಟು ಹಣ್ಣಿಲ್ಲದೆ ಕುಳಿತಿದ್ದಾನೆಂದು ಅರ್ಥ. ಆತ ಫೋನು ಮಾಡುವುದಕ್ಕೆ ಮೊದಲು ನೀವು ಆತನನ್ನು ಹುಡುಕಿ ಮಾತನಾಡಿಸಬೇಕು.